ಮೂರು ದಿನ ರಜೆ: ಮತ್ತೆ ಹಂಪಿಗೋ, ಮೊದಲ ಸಲ ಬಾದಾಮಿಗೋ?

ರೈಲುಪ್ರಿಯ

ಜನವರಿ ಕೊನೆಯ ವಾರ ನನಗೂ ಮನೆಯವರಿಗೂ ಒಟ್ಟಿಗೇ ಮೂರು ದಿನ ರಜೆ ಸಿಕ್ಕಿದೆ, ಶುಕ್ರವಾರದಿಂದ ಭಾನುವಾರದವರೆಗೆ. ಗುರುವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು. ಇಬ್ಬರಿಗೂ ಹಂಪಿ ಅಂದರೆ ಪ್ರಾಣ. ವಿರೂಪಾಕ್ಷ, ವಿಠ್ಠಲ, ಕಮಲ ಮಹಲು, ಆನೆ ಲಾಯ, ಮಾತಂಗ ಬೆಟ್ಟದ ಸೂರ್ಯೋದಯ ಎಲ್ಲ ನೋಡಿದ್ದೇವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಮಾತ್ರ ಇನ್ನೂ ನೋಡಿಲ್ಲ.

ನಮ್ಮವಳು ಹೇಳುವುದು, ಗೊತ್ತಿರುವ ಜಾಗವಾದರೆ ದಾರಿ ಹುಡುಕುವ ಗೋಜಿಲ್ಲ, ಇಳಿದ ಗಳಿಗೆಯಿಂದಲೇ ಖುಷಿ ಅಂತ. ನನಗೆ, ನೋಡದೆ ಇರುವುದು ಅಷ್ಟೊಂದು ಇರುವಾಗ ನೋಡಿದ್ದನ್ನೇ ನೋಡುವುದು ಸರಿಯೇ ಅನ್ನಿಸುತ್ತದೆ. ಎರಡೂ ಕಡೆ ಚೆನ್ನಾಗಿ ಬಲ್ಲವರು ಹೇಳಿ. ಸ್ವಂತ ಗಾಡಿ ಇಲ್ಲ, ರೈಲು ಮತ್ತು ಬಾಡಿಗೆ ಆಟೊ.

ಬೈಕ್‌ರೈಡರ್_ತುಮಕೂರು

ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಸರ್, ಬಾದಾಮಿಗೆ ಹೋಗಿ. ಹಂಪಿ ಒಂದು ಸಲ ನೋಡಿದ ಮೇಲೆ ಮುಗೀತು, ಕಲ್ಲು ಎಲ್ಲೂ ಓಡಿಹೋಗಲ್ಲ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಹತ್ತಿರ ಹತ್ತಿರ, ಒಂದೇ ದಿನದಲ್ಲಿ ಆಗುತ್ತೆ. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೊಂದು 13 ಇರಬಹುದು. ಮೊದಲು ಐಹೊಳೆಯಿಂದ ಶುರು ಮಾಡಿ. ಅಲ್ಲಿನ ಲಾಡ್‌ಖಾನ್ ಗುಡಿ 5ನೇ ಶತಮಾನದ್ದು, ಅದೇ ಎಲ್ಲಕ್ಕಿಂತ ಹಳೇದು. ಆಮೇಲೆ ದುರ್ಗಾದೇವಿ ಗುಡಿ, ಆಮೇಲೆ ಪಟ್ಟದಕಲ್ಲು, ಸಂಜೆಗೆ ಬಾದಾಮಿ ಗುಹೆ. ಉಳಿದ ಎರಡು ದಿನ ಹಂಪಿಗೆ ಹೋಗಿ. ಇಬ್ಬರ ಮಾತೂ ಉಳಿಯಿತು!

ಕಲ್ಲುಮಂಟಪ

ಬೈಕ್‌ರೈಡರ್ ಅವರು ಹೇಳಿದ ದೂರ ಸರಿ ಇದೆ. ಒಂದೇ ದಿನದ ಲೆಕ್ಕ ಮಾತ್ರ ಹೊಂದುವುದಿಲ್ಲ. ಜನವರಿಯಲ್ಲಿ ಹಗಲು ಚಿಕ್ಕದು, ಆರು ಗಂಟೆ ದಾಟುತ್ತಿದ್ದಂತೆ ಬೆಳಕು ಹೋಗುತ್ತದೆ. ಮೂರು ಊರನ್ನೂ ಒಂದು ಹಗಲಿಗೆ ತುರುಕಿದರೆ ಪಟ್ಟದಕಲ್ಲಿಗೆ ನಡುಮಧ್ಯಾಹ್ನ ಕಾಲಿಡುತ್ತೀರಿ, ಬಾದಾಮಿಯ ಮೂರನೇ ಗುಹೆಗೆ ಕತ್ತಲಾಗುವ ಹೊತ್ತಿಗೆ ಏದುಸಿರು ಬಿಡುತ್ತ ಏರುತ್ತೀರಿ. ಆ ಗುಹೆಯೇ ಇಡೀ ಪ್ರವಾಸದ ಮುಕುಟ. ಚಾಲುಕ್ಯ ಮಂಗಳೇಶ ಬರೆಸಿದ 578ರ ಶಾಸನ ಇರುವುದು ಅಲ್ಲೇ. ಆತುರದಲ್ಲಿ ನೋಡಬೇಕಾದ ಜಾಗವಲ್ಲ ಅದು.

ಲಾಡ್‌ಖಾನ್ ಗುಡಿಯನ್ನು 5ನೇ ಶತಮಾನದ್ದು ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿದ್ದರು. ಈಗ ಅಧ್ಯಯನ ಮಾಡಿದವರು ಅದನ್ನು ತೀರ ಈಚೆಗೆ, 7ನೇ ಶತಮಾನದ ಕೊನೆ ಅಥವಾ 8ನೇ ಶತಮಾನಕ್ಕೆ ತರುತ್ತಾರೆ. ಆದ್ದರಿಂದ ಐಹೊಳೆ ಮೊದಲು, ಉಳಿದದ್ದು ಆಮೇಲೆ ಎಂಬ ಸರಳ ಸಾಲು ನಿಲ್ಲುವುದಿಲ್ಲ. ಇನ್ನು ದುರ್ಗ ಗುಡಿ ದುರ್ಗಾದೇವಿಯದಲ್ಲ. ಮುಂದೆ ಅದರ ಪಕ್ಕಕ್ಕೂ ಮೇಲಕ್ಕೂ ಕೋಟೆ ಕಟ್ಟಿಕೊಂಡಿದ್ದರು, ಆ ದುರ್ಗದಿಂದ ಬಂದ ಹೆಸರು.

ಈಗ ರೈಲುಪ್ರಿಯ ಅವರ ಪ್ರಶ್ನೆಗೆ ಬರುತ್ತೇನೆ. ಮತ್ತೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಒಂದು ಕೆಲಸ ಮಾಡಿ. ಇಬ್ಬರೂ ಬೇರೆ ಬೇರೆ ಕೂತು, ಫೋನ್ ನೋಡದೆ, ಬಿಳಿ ಹಾಳೆಯ ಮೇಲೆ ಹಂಪಿಯ ನಕ್ಷೆ ಬರೆಯಿರಿ. ಮೊದಲು ಹೊಳೆ, ಆಮೇಲೆ ವಿರೂಪಾಕ್ಷ, ವಿಠ್ಠಲ, ಕಮಲಾಪುರ. ನಂತರ ನೀವು ನಿಜವಾಗಿ ನಿಂತು ನೋಡಿದ ಒಂದೊಂದೇ ಜಾಗ ಗುರುತು ಹಾಕಿ, ಪಕ್ಕದಲ್ಲಿ ಎಷ್ಟು ಹೊತ್ತಿಗೆ ಅಲ್ಲಿದ್ದಿರಿ, ಯಾವ ಕಡೆಯಿಂದ ಬಂದಿರಿ ಎಂದು ಬರೆಯಿರಿ. ಹಾಳೆಯಲ್ಲಿ ಎಲ್ಲಿ ಖಾಲಿ ಉಳಿಯುತ್ತದೋ ಅದೇ ಉತ್ತರ. ಹೆಚ್ಚಿನವರ ಹಾಳೆಯಲ್ಲಿ ಆಟೊ ನಿಲ್ಲಿಸುವ ಏಳೆಂಟು ಚುಕ್ಕಿ ಇರುತ್ತವೆ, ನಡುವಿನ ಜಾಗ ಇರುವುದಿಲ್ಲ. ನಿಮ್ಮ ಪಟ್ಟಿ ನೋಡಿದರೆ ಹೇಮಕೂಟ, ಕೃಷ್ಣ ದೇವಸ್ಥಾನದ ಎದುರಿನ ಬಜಾರು ಮತ್ತು ಪುಷ್ಕರಣಿ, ಪಟ್ಟಾಭಿರಾಮ, ಮಾಲ್ಯವಂತ, ಇಡೀ ಆನೆಗೊಂದಿ ದಡ, ಇಷ್ಟೂ ಖಾಲಿ ಇರಬಹುದು. ಹಾಗಿದ್ದರೆ ನೀವು ಹಂಪಿಯನ್ನು ಮುಗಿಸಿಲ್ಲ, ಅದರ ಒಂದು ದಾರಿಯನ್ನು ಮುಗಿಸಿದ್ದೀರಿ.

ರೈಲುಪ್ರಿಯ

ನಕ್ಷೆ ಬರೆದೆವು. ನನ್ನ ಹಾಳೆಯಲ್ಲಿ ಆನೆಗೊಂದಿ ಪೂರ್ತಿ ಖಾಲಿ. ನಮ್ಮವಳ ಹಾಳೆಯಲ್ಲಿ ಮಹಾನವಮಿ ದಿಬ್ಬ ಇದೆ, ಅದರ ಪಕ್ಕದಲ್ಲಿ ಏನಿದೆ ಅನ್ನುವುದು ಇಬ್ಬರಿಗೂ ನೆನಪಿಲ್ಲ. "ಕಪ್ಪು ಕಲ್ಲಿನ ಒಂದು ಕೊಳ ಇತ್ತು" ಅನ್ನುವಷ್ಟೇ ಗೊತ್ತು.

ಕಲ್ಲುಮಂಟಪ

ಆ ಕೊಳವನ್ನೇ ತೆಗೆದುಕೊಳ್ಳಿ. ಎರಡನೇ ಭೇಟಿ ಏನು ಕೊಡುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸುತ್ತಲಿನ ಕಟ್ಟಡಗಳೆಲ್ಲ ಹಂಪಿಯದೇ ಒರಟು ಬೆಣಚುಕಲ್ಲು. ಈ ಮೆಟ್ಟಿಲು ಪುಷ್ಕರಣಿ ಮಾತ್ರ ನುಣುಪಾದ ಕಪ್ಪು ಕಲ್ಲಿನದು, ನಾಲ್ಕೂ ಕಡೆ ಕಿರು ಮೆಟ್ಟಿಲ ಗೋಪುರಗಳಂತೆ ಜೋಡಿಸಿದ್ದಾರೆ. 1980ರ ದಶಕದ ಉತ್ಖನನದವರೆಗೆ ಇದು ಮಣ್ಣಿನೊಳಗಿತ್ತು. ಮೊದಲ ಸಲ ಹೋದವರು ಮೇಲೆ ನಿಂತು ಒಂದು ಫೋಟೊ ತೆಗೆದು ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಕಟ್ಟೆಯ ಸುತ್ತ ನಿಧಾನವಾಗಿ ನಡೆದು, ಕಲ್ಲುಗಳ ಮುಖವನ್ನು ಓರೆ ಬೆಳಕಿನಲ್ಲಿ ನೋಡಿ. ಕಲ್ಲಿನ ಮೇಲೆ ಪುಟ್ಟ ಗುರುತುಗಳು ಕಾಣುತ್ತವೆ. ಈ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ, ಆ ಸಾಲಿನಲ್ಲಿ ಎಷ್ಟನೆಯದು ಎಂದು ಕುಶಲಕರ್ಮಿಗಳು ಕೆತ್ತಿಕೊಂಡ ಗುರುತು ಅವು. ಅಂದರೆ ಕಲ್ಲುಗಳನ್ನು ಬೇರೆಲ್ಲೋ ಅಳತೆಗೆ ಕಡಿದು, ಇಲ್ಲಿಗೆ ತಂದು ಗುರುತಿನ ಪ್ರಕಾರ ಕೂರಿಸಿದ್ದಾರೆ. ನಡುಹಗಲಲ್ಲಿ ಬೆಳಕು ನೇರ ಬೀಳುವುದರಿಂದ ಗುರುತು ಮಾಸಿದಂತಿರುತ್ತದೆ, ಬೆಳಿಗ್ಗೆ ಬೇಗ ಅಥವಾ ನಾಲ್ಕರ ಮೇಲೆ ಎದ್ದು ಕಾಣುತ್ತದೆ.

ಅಲ್ಲಿಂದ ತಲೆ ಎತ್ತಿದರೆ ಕಂಬಗಳ ಮೇಲೆ ಹೊತ್ತ ಕಲ್ಲಿನ ತೂಬು ಕಾಣುತ್ತದೆ, ನೀರು ಬರುತ್ತಿದ್ದುದು ಅದರಲ್ಲಿ. ಅದನ್ನು ಹಿಡಿದು ನಡೆಯುತ್ತ ಹೋಗಿ. ಇಡೀ ದಿನ ನೀರನ್ನಷ್ಟೇ ಹಿಂಬಾಲಿಸಬಹುದು: ರಾಣಿಯ ಸ್ನಾನಗೃಹ, ಈ ಪುಷ್ಕರಣಿ, ಅರಮನೆ ಆವರಣದ ದೊಡ್ಡ ಕೊಳ, ಕಮಲಾಪುರದ ಕೆರೆ, ಕೊನೆಗೆ ಬಾಳೆ ತೋಟಗಳ ನಡುವಿನ ತುರ್ತು ಕಾಲುವೆ. ವಿಜಯನಗರದವರು ಹೊಳೆಗೆ ಅಣೆ ಕಟ್ಟಿ ತೋಡಿದ ಆ ಕಾಲುವೆಯಲ್ಲಿ ಇವತ್ತಿಗೂ ಗದ್ದೆಗೆ ನೀರು ಹೋಗುತ್ತದೆ. ವಿಠ್ಠಲದ ಕಲ್ಲಿನ ರಥ ನೋಡಿದಾಗ ರಾಜರ ಹಂಪಿ ಕಾಣುತ್ತದೆ. ಈ ದಾರಿಯಲ್ಲಿ ಊರು ಹೇಗೆ ಬದುಕಿತು ಎಂಬುದು ಕಾಣುತ್ತದೆ. ಮೊದಲ ಭೇಟಿಯಲ್ಲಿ ಇದನ್ನು ಮಾಡಲು ಮನಸ್ಸು ಬರುವುದಿಲ್ಲ, ರಥ ನೋಡದೆ ಬಂದೆವಲ್ಲ ಎಂಬ ಕೊರಗು ಇರುತ್ತದೆ. ಅದು ಕಳೆದ ಮೇಲೆಯೇ ಸಾಧ್ಯ.

ಊರಾಚೆ

ಹಂಪಿಯಲ್ಲಿ ಎಲ್ಲಿ ಉಳಿಯುವುದು ಅಂತ ತಾನೇ ಕೇಳಿದ್ದು? ವಿರೂಪಾಪುರ ಗಡ್ಡೆಯ ಗುಡಿಸಲುಗಳನ್ನು ನೆನಪಿಟ್ಟುಕೊಂಡು ಹೋಗಬೇಡಿ, ಅವನ್ನು 2020ರಲ್ಲಿ ತೆರವು ಮಾಡಿದರು. ವಿರೂಪಾಕ್ಷದ ಮುಂದಿನ ಬಜಾರು ಸಾಲಿನಲ್ಲಿದ್ದ ಮನೆ ಅಂಗಡಿಗಳನ್ನು ಅದಕ್ಕೂ ಮೊದಲೇ ಎಬ್ಬಿಸಿದ್ದರು. ರೈಲಿನಿಂದ ಇಳಿದು ಒಂದೇ ರಾತ್ರಿ ಉಳಿಯುವುದಾದರೆ ಹೊಸಪೇಟೆ, ಸೈಕಲ್ ಬಾಡಿಗೆ ಹಿಡಿದು ತಿರುಗುವುದಾದರೆ ಕಮಲಾಪುರ, ಹೊಳೆಯಾಚೆ ಸದ್ದಿಲ್ಲದ ಊರು ಬೇಕೆಂದರೆ ಆನೆಗೊಂದಿ. ಆನೆಗೊಂದಿಯಲ್ಲಿ ಉಳಿದರೆ ಹಂಪಿ ಕಡೆಗೆ ದಿನಾ ದಾಟಬೇಕಾಗುತ್ತದೆ, ತಳವಾರಘಟ್ಟದ ಹರಿಗೋಲು ಸಂಜೆಗೆ ನಿಲ್ಲುತ್ತದೆ. ತಡವಾದರೆ ಸೇತುವೆ ಸುತ್ತಿ ಆಟೊದಲ್ಲಿ ಬರಬೇಕು.

ರೈಲುಪ್ರಿಯ

ಊರಾಚೆ ಅವರೇ, ಉಳಿಯುವ ಪ್ರಶ್ನೆ ಆಮೇಲಿನದು, ಹೋಗುವುದೇ ಎಲ್ಲಿಗೆ ಅಂತ ಇನ್ನೂ ಗೊತ್ತಾಗಿಲ್ಲ. ಆದರೂ ಗಡ್ಡೆಯ ವಿಷಯ ತಿಳಿದದ್ದು ಒಳ್ಳೆಯದಾಯಿತು. ಹಂಪಿಯ ಮೇಲಿನ ಪ್ರೀತಿಯಲ್ಲಿ ಅರ್ಧ ಅದೇ ಆಗಿತ್ತು.

ಕಲ್ಲುಮಂಟಪ

ಆ ಮಾತು ಮುಖ್ಯ. ಮರಳಿ ಹೋದವರಿಗೆ ಬೇಸರವಾಗುವುದು ಹೆಚ್ಚಾಗಿ ಇಲ್ಲೇ. ಮೊದಲ ಸಲ ಇಷ್ಟವಾದದ್ದು ಕಲ್ಲುಗಳೋ, ಉಳಿದುಕೊಂಡ ಜಾಗವೋ, ಆಗಿನ ಬಿಡುವೋ ಎಂದು ಬೇರ್ಪಡಿಸಿ ನೋಡಿಕೊಂಡಿರುವುದಿಲ್ಲ. ಉಳಿದ ಜಾಗವೇ ಇಷ್ಟವಾಗಿದ್ದರೆ, ಅದು ಈಗಿಲ್ಲ ಎಂದಾದ ಮೇಲೆ ನೀವು ಹೋಗುತ್ತಿರುವುದು ಹೊಸ ಊರಿಗೇ. ಅದನ್ನು ಮೊದಲೇ ತಿಳಿದು ಹೊರಟರೆ ನಿರಾಸೆ ಇಲ್ಲ.

ಮಲಪ್ರಭಾ_ದಂಡೆ

ನಮ್ಮ ಕಡೀ ವಿಚಾರ ನಾ ಹೇಳ್ತೀನ್ರಿ. ಹೊಸಾ ಊರಿಗೆ ಬಂದವ್ರು ಎಲ್ಲಿ ಎಡವ್ತಾರ ಅನ್ನೋದು ದಿನಾ ಕಣ್ಣಾರೆ ಕಾಣ್ತೈತಿ.

ಒಂದು, ರೈಲು. ಗೋಲಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ಮ್ಯಾಲೆ ಬಾದಾಮಿಗೆ ನಸುಕಿನ್ಯಾಗ ಬರ್ತೈತಿ. ನಿದ್ದಿಗಣ್ಣಾಗ ಇಳೀಬೇಕು, ಅಲಾರಾಂ ಇಟ್ಕೋರಿ. ಸ್ಟೇಷನ್ ಊರಾಗ ಇಲ್ಲ, ಊರಿಂದ ಸುಮಾರು 5 ಕಿಲೋಮೀಟರ್ ದೂರ ಐತಿ. ಆ ಹೊತ್ತಿಗೆ ಆಟೊ ಇರ್ತಾವು, ಆದ್ರ ಖೋಲಿಯವ್ರಿಗೆ ಹಿಂದಿನ ದಿನಾನೇ ಫೋನ್ ಮಾಡಿ "ನಸುಕಿಗೆ ಬರ್ತೀವಿ" ಅಂತ ಹೇಳಿ ಇಡ್ರಿ. ಇಲ್ಲಾಂದ್ರ ಹತ್ತು ಗಂಟೆ ತನಕ ಬಾಗಲಾ ಮುಂದ ಚೀಲಾ ಹಿಡ್ಕೊಂಡು ಕುಂದ್ರೂದಾಗ್ತೈತಿ, ಮೊದಲನೇ ದಿನ ಅರ್ಧ ಅಲ್ಲೇ ಹೋಗ್ತೈತಿ.

ಎರಡು, ಶುಕ್ರವಾರ. ಬಾದಾಮಿ ಮ್ಯೂಸಿಯಂ ಶುಕ್ರವಾರ ಬಂದ್. ಕಮಲಾಪುರದ್ದೂ ಅದೇ ಕಥಿ. ನೀವು ಶುಕ್ರವಾರ ಇಳಿಯೋರು, ಅದಕ್ಕ ಮ್ಯೂಸಿಯಂ ಶನಿವಾರಕ್ಕ ಇಟ್ಕೋರಿ.

ಮೂರು, ಐಹೊಳಿಗೆ ಬಸ್ ಕಡಿಮಿ. ಪಟ್ಟದಕಲ್ಲ ತನಕ ಬಸ್ ಸಿಗ್ತಾವು. ಅಲ್ಲಿಂದ ಮುಂದ ಬಸ್ ನಂಬಿದ್ರ ತಾಸುಗಟ್ಟಲೆ ಕಟ್ಟಿ ಮ್ಯಾಲೆ ಕುಂದ್ರಬೇಕು. ಒಂದು ದಿನದ ಮಟ್ಟಿಗೆ ಬಾದಾಮಿಯಿಂದಾನೇ ಆಟೊ ಮಾತಾಡಿಕೊಳ್ರಿ. ಮಾತಾಡುವಾಗ ಬರೇ "ಐಹೊಳಿ ಪಟ್ಟದಕಲ್ಲ" ಅನಬ್ಯಾಡ್ರಿ. ಮಹಾಕೂಟ, ಪಟ್ಟದಕಲ್ಲಿನ ಪಾಪನಾಥ, ಬಾದಾಮಿ ರಸ್ತೆ ಮ್ಯಾಲಿನ ಜೈನ ಬಸದಿ, ಐಹೊಳಿಯ ಮೇಗುತಿ ಗುಡ್ಡ, ರಾವಣಫಡಿ, ಹಿಂಗ ಒಂದೊಂದೇ ಹೆಸರು ಹೇಳಿ ಒಪ್ಪಿಸ್ಕೋರಿ. ಇಲ್ಲಾಂದ್ರ ಟಿಕೆಟ್ ಕೊಡೋ ಗೇಟಿನ ಮುಂದ ಇಳಿಸಿ "ಇಷ್ಟ ರೀ" ಅಂತಾರ, ಉಳಿದಿದ್ದು ಕೈತಪ್ಪಿ ಹೋಗ್ತೈತಿ.

ನಾಲ್ಕು, ಮಂಗ್ಯಾ. ಗುಹಾದ ಮೆಟ್ಟಲಾ ಮ್ಯಾಲೆ ಕೈಯಾಗ ಪ್ಲಾಸ್ಟಿಕ್ ಚೀಲ ಕಂಡ್ರ ಬಿಡೂದಿಲ್ಲ. ತಿನ್ನೋದು ಕಾಣೂ ಹಂಗ ಒಯ್ಯಬ್ಯಾಡ್ರಿ.

ಅಮ್ಮನ_ಮಗಳು

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದೂ ಇದೇ ಯೋಚನೆ, ಜೊತೆಗೆ ಅಮ್ಮ ಇರುತ್ತಾರೆ. ಮಂಡಿ ನೋವು, ನಿಧಾನವಾಗಿ ಏರಬಲ್ಲರು, ಇಳಿಯುವುದೇ ಕಷ್ಟ. ಅಂಥವರಿಗೆ ಯಾವುದು ಮೇಲು?

ಮಲಪ್ರಭಾ_ದಂಡೆ

ಅಕ್ಕಾರೆ, ಬಾದಾಮಿ ಗುಹಾ ಅಂದ್ರ ಮೆಟ್ಟಲಾನೇ. ಒಂದನೇ ಗುಹಾ ನೆಲದಿಂದ ಭಾಳ ಮ್ಯಾಲಿಲ್ಲ, ಅಲ್ಲಿಗೆ ಅಮ್ಮಾವ್ರು ಆರಾಮ ಬರಬಹುದು. ಹದಿನೆಂಟು ಕೈಯಿನ ನಟರಾಜ ಅಲ್ಲೇ, ಹೊರಗಿನ ಬಲಗಡೀ ಬಂಡಿ ಮ್ಯಾಲೆ ಅದಾನ. ಅಲ್ಲಿಂದ ಎರಡನೇದಕ್ಕ ಸುಮಾರು 60 ಮೆಟ್ಟಲಾ, ಎರಡರಿಂದ ಮೂರಕ್ಕ ಮತ್ತ ಸುಮಾರು 60. ಕೆಲವು ಮೆಟ್ಟಲಾ ಎತ್ತರ ಅದಾವು, ಇಳಿಯುವಾಗ ಒಬ್ಬರು ಕೈ ಹಿಡೀಬೇಕು. ಪಟ್ಟದಕಲ್ಲ ಸಪಾಟ ನೆಲ, ಹುಲ್ಲು, ನಡ್ಯಾಕ ಛಲೋ. ಐಹೊಳಿ ದುರ್ಗ ಗುಡಿ ಆವರಣಾನೂ ಹಂಗ. ಮೇಗುತಿ ಗುಡ್ಡ ಮಾತ್ರ ಬ್ಯಾಡ.

ಕಲ್ಲುಮಂಟಪ

ಹಂಪಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಂಜನಾದ್ರಿಯ 575 ಮೆಟ್ಟಿಲು ಬಿಟ್ಟುಬಿಡಿ. ವಿಠ್ಠಲಕ್ಕೆ ಬ್ಯಾಟರಿ ಗಾಡಿ ಇದೆ, ಹಜಾರರಾಮ ಮತ್ತು ಕಮಲ ಮಹಲು ಸಪಾಟು. ಆದರೆ ಹಂಪಿಯಲ್ಲಿ ಜಾಗದಿಂದ ಜಾಗಕ್ಕೆ ನಡಿಗೆ ಹೆಚ್ಚು. ಮೊದಲ ಸಲ ನೋಡುವ ಅಮ್ಮನಿಗೆ ಪಟ್ಟದಕಲ್ಲು ಕಡಿಮೆ ಆಯಾಸದಲ್ಲಿ ಹೆಚ್ಚು ಕೊಡುತ್ತದೆ.

ಬೆಳಕಿನಬೆನ್ನು

ನನ್ನದು ಸ್ವಲ್ಪ ಬೇರೆ ಮಾತು. ಫೋಟೊ ತೆಗೆಯುವವರ ಕಣ್ಣಿನಿಂದ ಹೇಳುತ್ತೇನೆ. ಹೊಸ ಜಾಗಕ್ಕೆ ಮೊದಲ ಸಲ ಹೋದವರು ಬಹುತೇಕ ಎಲ್ಲ ಕಡೆಯೂ ತಪ್ಪು ಹೊತ್ತಿಗೇ ಇರುತ್ತಾರೆ, ಏಕೆಂದರೆ ಯಾವುದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ತಿಳಿದಿರುವುದಿಲ್ಲ. ಗೊತ್ತಿರುವ ಜಾಗದ ದೊಡ್ಡ ಲಾಭ ಇದೇ, ಸರಿಯಾದ ಹೊತ್ತಿಗೆ ಸರಿಯಾದ ಕಡೆ ನಿಂತಿರುತ್ತೀರಿ. ಆದರೆ ಹೊಸ ಜಾಗದಲ್ಲೂ ದಿಕ್ಕು ಮೊದಲೇ ತಿಳಿದುಕೊಂಡರೆ ಆ ಕೊರತೆ ಅರ್ಧ ತುಂಬುತ್ತದೆ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಪೂರ್ವಕ್ಕೆ, ಮಲಪ್ರಭೆಯ ಕಡೆಗೆ ಮುಖ ಮಾಡಿದೆ. ಬೆಳಿಗ್ಗೆ ಹೋದರೆ ಬಾಗಿಲಿನಿಂದ ಬಿಸಿಲು ಮಂಟಪದೊಳಕ್ಕೆ ಬರುತ್ತದೆ, ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಕಿರು ಚಿತ್ರಪಟ್ಟಿಗಳನ್ನು ಟಾರ್ಚ್ ಇಲ್ಲದೆ ಓದಬಹುದು. ಮಧ್ಯಾಹ್ನ ಹೋದರೆ ಒಳಗೆ ಕಪ್ಪು, ಹೊರಗೆ ಕಣ್ಣು ಕುಕ್ಕುವ ಬಿಳಿ. ಬಾದಾಮಿಯಲ್ಲಿ ಇದಕ್ಕೆ ತಿರುಗುಮುರುಗು. ಅಗಸ್ತ್ಯ ತೀರ್ಥದ ಪೂರ್ವ ತುದಿಯ ಭೂತನಾಥ ಗುಡಿ ಪಶ್ಚಿಮಕ್ಕೆ ನೋಡುತ್ತದೆ, ಸಂಜೆಯ ಬಿಸಿಲಿಗೆ ಗುಡಿಯೂ ಹಿಂದಿನ ಬಂಡೆಯೂ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಆದ್ದರಿಂದ ಬೈಕ್‌ರೈಡರ್ ಅವರ ಕ್ರಮವನ್ನು ಬದಲಿಸಿ: ಮೊದಲ ದಿನ ಬಾದಾಮಿಯಲ್ಲೇ, ಮಧ್ಯಾಹ್ನದ ಮೇಲೆ ಗುಹೆಗಳು, ಕೊನೆಯ ಒಂದು ಗಂಟೆ ಭೂತನಾಥದ ಎದುರು ದಡದಲ್ಲಿ. ಎರಡನೇ ದಿನ ಬೆಳಿಗ್ಗೆ ಮೊದಲು ಪಟ್ಟದಕಲ್ಲು, ಆಮೇಲೆ ಐಹೊಳೆ, ವಾಪಸ್ ಬರುವಾಗ ಮಹಾಕೂಟ.

ಬೈಕ್‌ರೈಡರ್_ತುಮಕೂರು

ಸರಿ, ಒಂದು ದಿನದ ಮಾತು ವಾಪಸ್ ತಗೊಂಡೆ. ದಿಕ್ಕಿನ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಒಂದು ಪ್ರಶ್ನೆ. ಹೊಸದು ನೋಡಿದರೆ ಹೊಸದು ಸಿಗುತ್ತೆ, ಸರಿ. ಅದಕ್ಕೂ ಹಂಪಿಗೂ ಸಂಬಂಧ ಏನು? ಇವರಿಗೆ ಪ್ರೀತಿ ಇರೋದು ಹಂಪಿ ಮೇಲೆ.

ಕಲ್ಲುಮಂಟಪ

ಸಂಬಂಧ ಇದೆ, ನನ್ನ ವಾದವೇ ಅದು. ಹಂಪಿಯ ಹೇಮಕೂಟದ ಮೇಲೆ ವಿಜಯನಗರಕ್ಕೂ ಮುಂಚಿನ ಸಣ್ಣ ಗುಡಿಗಳ ಗುಂಪಿದೆ. ಅವುಗಳ ಶಿಖರ ನೋಡಿ. ವಿರೂಪಾಕ್ಷದ ಗೋಪುರದ ಹಾಗೆ ಗೊಂಬೆಗಳಿಲ್ಲ. ಅಡ್ಡಡ್ಡ ಪಟ್ಟಿಗಳು ಒಂದರ ಮೇಲೊಂದು ಚಿಕ್ಕದಾಗುತ್ತ ಹೋಗಿ ತುದಿಯಲ್ಲಿ ಒಂದು ಮೊಗ್ಗು. ಹಂಪಿ ಮಾತ್ರ ನೋಡಿದವರಿಗೆ ಅದು ಬಡ ಗುಡಿ, ಗೋಪುರ ಕಟ್ಟಲು ಆಗದೆ ಬಿಟ್ಟದ್ದು ಎನ್ನಿಸುತ್ತದೆ. ಐಹೊಳೆಯ ಮಲ್ಲಿಕಾರ್ಜುನ ಗುಂಪಿನಲ್ಲಿ ಇದೇ ಮೆಟ್ಟಿಲು ಮೆಟ್ಟಿಲಾದ ಶಿಖರ ಹಲವು ಶತಮಾನ ಮೊದಲೇ ನಿಂತಿದೆ. ಅದನ್ನು ಕಂಡು ಮತ್ತೆ ಹೇಮಕೂಟಕ್ಕೆ ಬಂದರೆ, ಅವು ಅರೆಬರೆ ಗುಡಿಗಳಲ್ಲ, ದಖ್ಖನಿನ ಹಳೆಯ ರೂಢಿಯೊಂದನ್ನು ಉಳಿಸಿಕೊಂಡು ಬಂದವು ಎಂದು ಕಣ್ಣಿಗೇ ತಿಳಿಯುತ್ತದೆ.

ಕಲ್ಲಿನ ಮಾತೂ ಹಾಗೆಯೇ. ಬಾದಾಮಿಯದು ಮರಳುಗಲ್ಲು. ಉಳಿ ಮೆತ್ತಗೆ ಇಳಿಯುತ್ತದೆ, ಮೂರನೇ ಗುಹೆಯ ಕಂಬಗಳ ಮೇಲ್ತುದಿಯಲ್ಲಿ ಒರಗಿ ನಿಂತ ಜೋಡಿಗಳ ಒಡವೆಯ ಮಣಿಗಳನ್ನು ಬಿಡಿಬಿಡಿಯಾಗಿ ಕಾಣಬಹುದು. ಹಂಪಿಯ ಬೆಣಚುಕಲ್ಲು ಅಷ್ಟು ಒಗ್ಗುವುದಿಲ್ಲ. ಅದಕ್ಕೇ ಅಲ್ಲಿನವರು ಗೋಪುರದ ಮೇಲ್ಭಾಗವನ್ನು ಇಟ್ಟಿಗೆಯಲ್ಲಿ ಕಟ್ಟಿ ಗಾರೆಯಲ್ಲಿ ಗೊಂಬೆ ಮಾಡಿದರು, ಹಜಾರರಾಮದ ಒಳಗಿನ ನಾಲ್ಕು ಕಂಬಗಳಿಗೆ ನುಣುಪಾದ ಕಪ್ಪು ಕಲ್ಲು ತಂದರು. ಬಾದಾಮಿ ನೋಡದಿದ್ದರೆ ಹಂಪಿಯವರು ಯಾಕೆ ಹೀಗೆ ಮಾಡಿದರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಪಟ್ಟದಕಲ್ಲಿನ ವಿರೂಪಾಕ್ಷವೂ ಹೀಗೆ ಇನ್ನೊಂದು ಊರಿನ ಕಡೆ ಕೈ ತೋರಿಸುತ್ತದೆ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಅವನು ಕಂಚಿಯ ಕೈಲಾಸನಾಥದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ ಎಂದು ಆ ಗುಡಿಯಲ್ಲಿ ಕನ್ನಡ ಶಾಸನ ಇದೆ. ಗೆದ್ದ ಊರಿನ ಗುಡಿಯ ಚೆಲುವಿಗೆ ಮನಸೋತು ತಮ್ಮೂರಲ್ಲಿ ಅಂಥದೇ ಕಟ್ಟಿದವರ ನೆಲ ಇದು. ನಿಮಗೆ ಹಂಪಿಯ ಮೇಲೆ ಪ್ರೀತಿ ಇರುವುದರಿಂದಲೇ ಈ ಸಲ ಬಾದಾಮಿಗೆ ಹೋಗಿ ಎನ್ನುತ್ತೇನೆ.

ಬೆಳಕಿನಬೆನ್ನು

ಇಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲರೂ ಕಲಿಯಲಿಕ್ಕೇ ಹೋಗುವುದಿಲ್ಲ. ವರ್ಷವಿಡೀ ದುಡಿದು ಮೂರು ದಿನ ಸಿಕ್ಕವರಿಗೆ, ಎಲ್ಲಿ ಊಟ, ಎಲ್ಲಿ ನೆರಳು, ಯಾವ ಬಂಡೆಯ ಮೇಲೆ ಕೂತರೆ ಗಾಳಿ ಎಂದು ಮೊದಲೇ ಗೊತ್ತಿರುವುದು ದೊಡ್ಡ ಸುಖ. ರೈಲುಪ್ರಿಯ ಅವರ ಮನೆಯವರು ಕೇಳುತ್ತಿರುವುದು ಅದನ್ನೇ. ಅದು ಸಣ್ಣ ಬೇಡಿಕೆಯಲ್ಲ.

ಜನವರಿಯ ಹಂಪಿ ಎಲ್ಲರೂ ನೋಡುವ ಹಂಪಿ ಅನ್ನುವುದು ನಿಜ. ಮರಳಿ ಹೋಗುವುದಾದರೆ ಮಳೆಗಾಲದಲ್ಲಿ ಹೋಗಿ. ಜಲಾಶಯ ತುಂಬಿ ಗೇಟು ತೆರೆದಾಗ, ಸಾಮಾನ್ಯವಾಗಿ ಆಗಸ್ಟ್ ಸುಮಾರಿಗೆ, ಪುರಂದರ ಮಂಟಪ ಕಂಬದ ಮಟ್ಟಕ್ಕೆ ಮುಳುಗುತ್ತದೆ, ಬಂಡೆಗಳ ನಡುವೆ ಹಸಿರು ಎದ್ದಿರುತ್ತದೆ. ಆಗ ಹರಿಗೋಲು ನಿಲ್ಲಿಸಿರುತ್ತಾರೆ, ಆನೆಗೊಂದಿಗೆ ರಸ್ತೆ ಸುತ್ತಬೇಕು, ಬಂಡೆ ಜಾರುತ್ತದೆ. ಏಪ್ರಿಲ್ ಮೇ ಮಾತ್ರ ಬೇಡ. ಚಪ್ಪಲಿ ಬಿಟ್ಟು ಗುಡಿ ಅಂಗಳ ದಾಟುವಾಗ ಅಂಗಾಲು ಸುಡುತ್ತದೆ, ದಪ್ಪ ಕಾಲುಚೀಲ ಇಲ್ಲದೆ ಆಗುವುದಿಲ್ಲ.

ಊರಾಚೆ

ಹಾಗಾದರೆ ಉತ್ತರ ಸಿಕ್ಕಿತಲ್ಲ. ಜನವರಿಗೆ ಬಾದಾಮಿ, ಆಗಸ್ಟ್‌ಗೆ ಹಂಪಿ.

ಬೆಳಕಿನಬೆನ್ನು

ಆಗಸ್ಟ್‌ನಲ್ಲಿ ಅವರಿಗೆ ರಜೆ ಸಿಗುತ್ತದೆ ಎಂದು ಯಾರು ಹೇಳಿದರು?

ರೈಲುಪ್ರಿಯ

ಸಿಗುವುದಿಲ್ಲ, ಅದೇ ತೊಂದರೆ. ಮನೆಯಲ್ಲಿ ಮಾತಾಡಿ ಹೀಗೆ ಯೋಚಿಸಿದ್ದೇವೆ: ಶುಕ್ರ, ಶನಿ ಬಾದಾಮಿ ಕಡೆ, ಬೆಳಕಿನಬೆನ್ನು ಅವರು ಹೇಳಿದ ಕ್ರಮದಲ್ಲೇ. ಭಾನುವಾರ ಬೆಳಿಗ್ಗೆ ಬಾದಾಮಿ ಬಿಟ್ಟು ಕಾರಿನಲ್ಲಿ ಹೊಸಪೇಟೆ ಕಡೆ, ಮಧ್ಯಾಹ್ನದಿಂದ ಸಂಜೆವರೆಗೆ ಹಂಪಿ, ರಾತ್ರಿ ಹಂಪಿ ಎಕ್ಸ್‌ಪ್ರೆಸ್. ನಮ್ಮವಳು ಒಪ್ಪಿದ್ದಾಳೆ. ಆಗುತ್ತದೆಯೇ?

ಕಲ್ಲುಮಂಟಪ

ಆಗುತ್ತದೆ, ಆದರೆ ನಾನಾಗಿದ್ದರೆ ಮಾಡುವುದಿಲ್ಲ. ಬಾದಾಮಿಯಿಂದ ಹೊಸಪೇಟೆಗೆ ಸುಮಾರು 140 ಕಿಲೋಮೀಟರ್, ನಡುವೆ ಎಲ್ಲೂ ನಿಲ್ಲದಿದ್ದರೂ ಮೂರು ಗಂಟೆಗೆ ಕಡಿಮೆ ಇಲ್ಲ. ಒಂದೇ ಕಡೆಗೆ ಹೋದರೂ ಕಾರಿನವರು ವಾಪಸ್ ಬರುವ ದೂರದ ಬಾಡಿಗೆಯನ್ನೂ ಸೇರಿಸಿ ಕೇಳುತ್ತಾರೆ. ಚೀಲಗಳನ್ನು ಎಲ್ಲಿ ಇಡುವುದು ಎಂಬುದು ಮುಂದಿನ ತಲೆನೋವು. ಇಷ್ಟು ಮಾಡಿ ಹಂಪಿಯಲ್ಲಿ ಸಿಗುವುದು ನಾಲ್ಕೈದು ಗಂಟೆ. ಅಷ್ಟರಲ್ಲಿ ಮತ್ತೆ ಅದೇ ವಿಠ್ಠಲಕ್ಕೇ ಓಡುತ್ತೀರಿ ಎಂಬುದೇ ನನ್ನ ಭಯ.

ಆದರೂ ಹೋಗುವುದೇ ಆದರೆ ಎರಡೇ ಜಾಗ ಇಟ್ಟುಕೊಳ್ಳಿ. ಐದರವರೆಗೆ ಆ ಮೆಟ್ಟಿಲು ಪುಷ್ಕರಣಿ ಮತ್ತು ತೂಬು, ಆಮೇಲೆ ಹೇಮಕೂಟ. ಸೂರ್ಯ ಮುಳುಗುವುದು ಹೇಮಕೂಟದಿಂದಲೇ ಕಾಣುತ್ತದೆ, ಹಿಂದಿನ ದಿನ ಐಹೊಳೆಯಲ್ಲಿ ಕಂಡ ಶಿಖರ ಕಣ್ಣಲ್ಲಿ ಹಸಿಯಾಗಿರುತ್ತದೆ. ವಿಠ್ಠಲದ ಟಿಕೆಟ್ ಅದೇ ದಿನ ಕಮಲ ಮಹಲಿಗೂ ನಡೆಯುತ್ತದಲ್ಲ ಎಂಬ ಆಸೆಗೆ ಬೀಳಬೇಡಿ.

ಬೈಕ್‌ರೈಡರ್_ತುಮಕೂರು

ನನಗಂತೂ ಈ ಪ್ಲಾನ್ ಚೆನ್ನಾಗೇ ಕಾಣ್ತಿದೆ. ದಾರೀಲಿ ಇಳಕಲ್ ಮೇಲೆ ಹೋದರೆ ಸೀರೆನೂ ಆಯಿತು.

ಕಲ್ಲುಮಂಟಪ

ಇಳಕಲ್‌ನಲ್ಲಿ ಸೀರೆ ಅಂಗಡಿಗೆ ಕಾಲಿಟ್ಟರೆ ಹೇಮಕೂಟದ ಸೂರ್ಯಾಸ್ತ ಹೋಯಿತು. ಎರಡರಲ್ಲಿ ಒಂದು.

ಅಮ್ಮನ_ಮಗಳು

ಅಮ್ಮ ಸೀರೆಯನ್ನೇ ಆರಿಸಿಕೊಳ್ಳುತ್ತಾರೆ. ನಾವು ಹಂಪಿ ಬಿಟ್ಟು ಮೂರೂ ದಿನ ಬಾದಾಮಿಯಲ್ಲೇ ಇರುವುದು ಅಂತ ತೀರ್ಮಾನಿಸಿದೆವು. ಮೂರನೇ ದಿನ ಬನಶಂಕರಿಗೆ.

ಮಲಪ್ರಭಾ_ದಂಡೆ

ಬನಶಂಕರಿ ಅಂದ್ರಲ್ಲ, ಎಲ್ಲಾರಿಗೂ ಒಂದು ಮಾತು. ಬನದ ಹುಣ್ಣಿಮಿಗೆ ತೇರು, ಅದು ಸಾಮಾನ್ಯವಾಗಿ ಜನವರಿ ಆಸುಪಾಸು ಬರ್ತೈತಿ. ತೇರು ಮುಗಿದ ಮ್ಯಾಲೂ ಜಾತ್ರಿ ವಾರಗಟ್ಟಲೆ ನಡೀತೈತಿ, ನಾಟಕ ಕಂಪನಿಗೋಳು ಟೆಂಟ್ ಹಾಕಿರ್ತಾವು. ಗುಡಿ ಬಾದಾಮಿಯಿಂದ 5 ಕಿಲೋಮೀಟರ್ ಅಷ್ಟ, ಹಿಂಗಾಗಿ ಬಾದಾಮಿ ಖೋಲಿ ಎಲ್ಲಾ ತುಂಬಿರ್ತಾವು, ಆಟೊ ಬಾಡಿಗಿನೂ ಏರಿರ್ತೈತಿ. ಪಂಚಾಂಗದಾಗ ಹುಣ್ಣಿಮಿ ನೋಡಿ, ಟಿಕೆಟ್ ಮಾಡೂ ಮೊದಲ ಖೋಲಿ ಹಿಡೀರಿ.

ಜಾತ್ರಿ ಸಿಕ್ರ ಮತ್ತ ಗುಹಾಕ್ಕಿಂತ ಅದನ್ನ ನೋಡ್ರಿ ಅಂತೀನಿ ನಾ. ರಾತ್ರಿ ಪೂರಾ ನಾಟಕ, ನಸುಕಿಗೆ ಕೆರಿ ದಂಡಿಮ್ಯಾಲೆ ಖಡಕ್ ರೊಟ್ಟಿ, ಎಣ್ಣಿಗಾಯಿ ಬುತ್ತಿ.

ಬೆಳಕಿನಬೆನ್ನು

ಗುಹೆಗಿಂತ ಜಾತ್ರೆಯೇ? ಮೊದಲ ಸಲ ಬರುವವರಿಗೆ? ಇದಕ್ಕೆ ನಾನು ಒಪ್ಪಲಾರೆ.

ಮಲಪ್ರಭಾ_ದಂಡೆ

ಗುಹಾ ಮುಂದಿನ ವರ್ಷಾನೂ ಇರ್ತಾವ್ರಿ. ಕಂಪನಿ ನಾಟಕ ಇರ್ತಾವೋ ಇಲ್ಲೋ ಯಾರಿಗೆ ಗೊತ್ತು.

ರೈಲುಪ್ರಿಯ

ಪಂಚಾಂಗ ನೋಡುತ್ತೇನೆ. ರೈಲಿನಲ್ಲಿ ಸದ್ಯಕ್ಕೆ ಹೋಗುವ ಕಡೆ ಸೀಟು ಇದೆ, ಹೊಸಪೇಟೆಯಿಂದ ವಾಪಸ್ ಬರುವುದು ವೇಟಿಂಗ್ ತೋರಿಸುತ್ತಿದೆ. ಅದು ಖಚಿತವಾಗದಿದ್ದರೆ ಭಾನುವಾರವೂ ಬಾದಾಮಿಯಲ್ಲೇ ಇದ್ದು ಗೋಲಗುಂಬಜ್ ಹಿಡಿಯುತ್ತೇವೆ. ಮಲಪ್ರಭಾ_ದಂಡೆ ಅವರೇ, ಹಾಗಾದರೆ ಮೇಗುತಿ ಗುಡ್ಡಕ್ಕೆ ಭಾನುವಾರ ಬೆಳಿಗ್ಗೆ ಬೇರೆಯಾಗಿ ಹೋಗುವುದು ಲೇಸೋ, ಶನಿವಾರವೇ ಮುಗಿಸುವುದು ಲೇಸೋ?

ಮಲಪ್ರಭಾ_ದಂಡೆ

ಶನಿವಾರಾನೇ ಮುಗಿಸ್ರಿ, ಆಟೊ ಹೆಂಗೂ ಅಲ್ಲೇ ಇರ್ತೈತಿ. ಪುಲಕೇಶಿ ಹೊಗಳಿ ರವಿಕೀರ್ತಿ ಬರೆದ 634ರ ಶಾಸನ ಗುಡಿಯ ಹೊರಗೋಡಿ ಮ್ಯಾಲೆ ಐತಿ, ಒಳಗ ಹುಡುಕಬ್ಯಾಡ್ರಿ. ಭಾನುವಾರ ನಸುಕಿಗೆ ಬಾದಾಮಿಯ ಉತ್ತರದ ಗುಡ್ಡ ಏರ್ರಿ, ಮ್ಯಾಲಿನ ಶಿವಾಲಯದ ಕಡೆ. ಅಲ್ಲಿಂದ ಕೆರಿ ಆಚೆ ಗುಹಾ ಇರೋ ಗುಡ್ಡ ಕಾಣ್ತೈತಿ.